ಟೇಪಿನಿಂದ ತೂಕ ಅಳೆದರೆ ನನ್ನ ಹಸು 675 ಕೆ.ಜಿ. ಬರುತ್ತಿದೆ: ಜಂತುಹುಳು ಔಷಧದ ಪ್ರಮಾಣ ಲೆಕ್ಕ ಹಾಕುವುದು ಹೇಗೆ?

ಶಿರಾ_ಹಟ್ಟಿ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಒಂದು ಮಿಶ್ರತಳಿ ಹಸು ಮತ್ತು ಹದಿನಾಲ್ಕು ಮೇಕೆಗಳಿವೆ. ಮೇಕೆಗಳಿಗೆ ಜಂತುಹುಳುವಿನ ಔಷಧವಾಗಿ 2.5 ಪ್ರತಿಶತದ ಆಲ್ಬೆಂಡಜೋಲ್ ದ್ರಾವಣವನ್ನು ಹೋತಕ್ಕೂ ಮರಿಗೂ ಒಂದೇ ಅಳತೆಯಲ್ಲಿ, ಅಂದರೆ ತಲಾ 6 ಮಿ.ಲೀ.ನಂತೆ ಹಾಕುತ್ತಾ ಬಂದಿದ್ದೇನೆ. ಈ ಸಲ ಔಷಧ ಹಾಕಿ ಇಪ್ಪತ್ತು ದಿನವಾದರೂ ಎರಡು ಮೇಕೆಗಳ ಭೇದಿ ನಿಂತಿಲ್ಲ, ಅವುಗಳ ಕಣ್ಣಿನ ಒಳರೆಪ್ಪೆಯೂ ಬಿಳಿಚಿಕೊಂಡೇ ಇದೆ. ಪಶು ಆಸ್ಪತ್ರೆಗೆ ಹೊಡೆದುಕೊಂಡು ಹೋದಾಗ ವೈದ್ಯರು ಮೊದಲು ಕೇಳಿದ್ದು "ಇದರ ತೂಕ ಎಷ್ಟು?" ಎಂದು. ನನ್ನಲ್ಲಿ ಉತ್ತರವಿರಲಿಲ್ಲ. ಟೇಪಿನಲ್ಲಿ ಅಳೆದುಕೊಂಡು ಬನ್ನಿ ಎಂದು ಕಳುಹಿಸಿದರು.

ಮನೆಗೆ ಬಂದು ಮೊದಲು ಹಸುವಿನ ಮೇಲೆ ಪ್ರಯತ್ನಿಸಿದೆ. ಎದೆಯ ಸುತ್ತಳತೆ 63 ಇಂಚು, ಉದ್ದ 51 ಇಂಚು ಬಂತು. ಒಬ್ಬ ಪರಿಚಯದವರು ಬರೆದುಕೊಟ್ಟಿದ್ದ ಸೂತ್ರದ ಪ್ರಕಾರ ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, ಕೊನೆಗೆ 300ರಿಂದ ಭಾಗಿಸಿದರೆ 675 ಬರುತ್ತದೆ. ದಿನಕ್ಕೆ ಎಂಟು ಲೀಟರ್ ಹಾಲು ಕೊಡುವ ಸಾಧಾರಣ ಗಾತ್ರದ ಹಸು ಇದು, ಅಷ್ಟು ತೂಗಲು ಸಾಧ್ಯವೇ? ನಾನು ಅಳೆದದ್ದು ತಪ್ಪೋ ಅಥವಾ ಸೂತ್ರವೇ ತಪ್ಪೋ ತಿಳಿದವರು ದಯವಿಟ್ಟು ಹೇಳಬೇಕು.

ಮಂಡ್ಯ_ಹೈನು

ಇಷ್ಟೆಲ್ಲ ತಲೆಬಿಸಿ ಬೇಕಿಲ್ಲ ಎಂಬುದು ನನ್ನ ಅನುಭವ. ಹಿಂಡಿನಲ್ಲಿ ಎಲ್ಲಕ್ಕಿಂತ ದೊಡ್ಡದಾದ ಒಂದು ಮೇಕೆಯನ್ನು ಅಳೆದು, ಅದಕ್ಕೆ ಬರುವ ಪ್ರಮಾಣವನ್ನೇ ಎಲ್ಲಕ್ಕೂ ಹಾಕಿಬಿಡಿ. ಜಂತುಹುಳುವಿನ ಔಷಧ ಕಡಿಮೆಯಾದರೆ ಹುಳುಗಳಿಗೆ ಅದು ಒಗ್ಗಿಹೋಗುತ್ತದೆ, ಮುಂದೆ ಆ ಔಷಧ ನಾಟುವುದೇ ಇಲ್ಲ. ಸ್ವಲ್ಪ ಹೆಚ್ಚಾದರೆ ಮಾತ್ರ ಏನೂ ಆಗುವುದಿಲ್ಲ. ಹಸುವಿಗೂ ಅಷ್ಟೇ, ಒಂದು ಗುಳಿಗೆಯ ಬದಲು ಎರಡು ಹಾಕಿದರೂ ನಡೆಯುತ್ತದೆ.

ನಿವೃತ್ತ_ಪಶುವೈದ್ಯ

ಶಿರಾದವರೇ, ತಾವು ಅಳೆದದ್ದು ಸರಿಯಾಗಿದೆ, ಸೂತ್ರವೂ ಸರಿಯಾಗಿದೆ. ಆದರೆ ಇಂಚಿನಲ್ಲಿ ಅಳೆದು 300ರಿಂದ ಭಾಗಿಸಿದಾಗ ಬರುವ ಉತ್ತರ ಪೌಂಡಿನಲ್ಲಿರುತ್ತದೆ, ಕಿಲೋದಲ್ಲಿ ಅಲ್ಲ. 675 ಪೌಂಡು ಎಂದರೆ ಸುಮಾರು 306 ಕೆ.ಜಿ. ನೀವು ವರ್ಣಿಸಿದ ಹಸುವಿಗೆ ಆ ತೂಕ ಒಪ್ಪುತ್ತದೆ. ಇಂಚಿನಲ್ಲೇ ಅಳೆಯುವವರು 300ರ ಬದಲು 660ರಿಂದ ಭಾಗಿಸಿದರೆ ಉತ್ತರ ನೇರವಾಗಿ ಕಿಲೋದಲ್ಲಿ ಸಿಗುತ್ತದೆ. ಸೆಂಟಿಮೀಟರಿನಲ್ಲಿ ಅಳೆದರೆ ಹೀಗೆ:

ತೂಕ (ಕೆ.ಜಿ.) = ಸುತ್ತಳತೆ × ಸುತ್ತಳತೆ × ಉದ್ದ ÷ 10840

ನಿಮ್ಮ ಹಸುವಿನ ಸುತ್ತಳತೆ 160 ಸೆಂ.ಮೀ., ಉದ್ದ 130 ಸೆಂ.ಮೀ. ಎಂದಿಟ್ಟುಕೊಂಡರೆ 307 ಕೆ.ಜಿ. ಬರುತ್ತದೆ. ಎರಡು ದಾರಿಯಲ್ಲಿ ಹೋದರೂ ಉತ್ತರ ಒಂದೇ ಕಡೆ ಬಂದು ನಿಲ್ಲುತ್ತದೆ. ಭಾಜಕ ಯಾವುದು ಎಂಬುದನ್ನು ಟೇಪಿನ ಡಬ್ಬಿಯ ಮೇಲೆಯೇ ಬರೆದು ಅಂಟಿಸಿಕೊಳ್ಳಿ, ಏಕೆಂದರೆ ಈ ಪೌಂಡು ಮತ್ತು ಕಿಲೋಗಳ ಗೊಂದಲವನ್ನು ನಾನು ಸೇವೆಯಲ್ಲಿದ್ದಾಗ ಹಲವು ಬಾರಿ ಕಂಡಿದ್ದೇನೆ.

ಮಂಡ್ಯದವರು ಹೇಳಿದ್ದರಲ್ಲಿ ಅರ್ಧ ಮಾತು ಪೂರ್ತಿ ನಿಜ. ಔಷಧ ಕಡಿಮೆ ಬಿದ್ದಾಗ ಬಲಹೀನ ಹುಳುಗಳು ಮಾತ್ರ ಸಾಯುತ್ತವೆ, ತಡೆದುಕೊಂಡವು ಉಳಿದು ಮೊಟ್ಟೆ ಇಡುತ್ತವೆ, ಹೀಗೆಯೇ ಹಿಂಡಿನಲ್ಲಿ ಔಷಧ ನಾಟದ ಹುಳುಗಳು ತುಂಬಿಕೊಳ್ಳುತ್ತವೆ. ಆದರೆ "ಹೆಚ್ಚಾದರೆ ಏನೂ ಆಗುವುದಿಲ್ಲ" ಎಂಬ ಮಾತು ಔಷಧದ ಮೇಲೆ ನಿಂತಿದೆ. ಫೆನ್‌ಬೆಂಡಜೋಲ್ ಆಗಿದ್ದರೆ ಹಸುವಿಗೆ ಒಂದು ಕಿಲೋ ತೂಕಕ್ಕೆ 5 ಮಿ.ಗ್ರಾಂ. ಸಾಮಾನ್ಯ ಪ್ರಮಾಣ, 307 ಕಿಲೋಗೆ 1535 ಮಿ.ಗ್ರಾಂ. ಆಗುತ್ತದೆ, 1.5 ಗ್ರಾಮಿನ ಒಂದು ಗುಳಿಗೆ ಸಾಕು. ಆಕಸ್ಮಿಕವಾಗಿ ಎರಡು ಬಿದ್ದರೂ ಆ ಔಷಧವನ್ನು ಹಸು ತಡೆದುಕೊಳ್ಳುತ್ತದೆ. ಲೆವಮಿಸೋಲ್ ಆಗಿದ್ದರೆ ಕಥೆ ಬೇರೆ. ಅದರ ಪ್ರಮಾಣ ಕಿಲೋಗೆ 7.5 ಮಿ.ಗ್ರಾಂ., 675 ಕಿಲೋ ಎಂದು ನಂಬಿ ಕೊಟ್ಟರೆ ಈ ಹಸುವಿಗೆ ಕಿಲೋಗೆ 16 ಮಿ.ಗ್ರಾಂ.ಗೂ ಮೀರಿ ಬೀಳುತ್ತದೆ. ಬಾಯಲ್ಲಿ ಜೊಲ್ಲು ಸುರಿಯುವುದು, ಮೈ ನಡುಗುವುದು, ಮತ್ತೆ ಮತ್ತೆ ಸಗಣಿ ಮೂತ್ರ ಹಾಕುವುದು, ಇವು ಲೆವಮಿಸೋಲ್ ಮಿತಿ ಮೀರಿದಾಗ ಕಾಣುವ ಲಕ್ಷಣಗಳು. ಕ್ಲೊಸಾಂಟೆಲ್ ಮಿತಿ ಮೀರಿದರೆ ಕುರಿ ಮೇಕೆಗಳ ಕಣ್ಣೇ ಹೋಗಬಹುದು.

ದೊಡ್ಡದನ್ನು ಅಳೆದು ಎಲ್ಲಕ್ಕೂ ಅದೇ ಪ್ರಮಾಣ ಹಾಕುವ ಪದ್ಧತಿ ಇದೆ, ಆದರೆ ಅದು ಒಂದೇ ವಯಸ್ಸಿನ, ಹೆಚ್ಚುಕಡಿಮೆ ಒಂದೇ ಗಾತ್ರದ ಗುಂಪಿಗೆ ಮಾತ್ರ ಸಲ್ಲುತ್ತದೆ. ಹೋತದ ಪ್ರಮಾಣವನ್ನು ನಾಲ್ಕು ತಿಂಗಳ ಮರಿಗೆ ಹಾಕುವುದು ಆ ಪದ್ಧತಿಯಲ್ಲ.

ಬಾಗಲಕೋಟೆ_ಆಡು

ಬಹಳ ಉಪಯುಕ್ತ ಮಾಹಿತಿ. ನಾನು ಸಂತೆಯಲ್ಲಿ ಹೋತ ಕೊಳ್ಳುವಾಗ ಈ ಟೇಪನ್ನೇ ಬಳಸಬೇಕೆಂದಿದ್ದೇನೆ. ಟೇಪಿನ ತೂಕದಿಂದ ಮಾಂಸ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕುವುದು ಹೇಗೆ?

ನಿವೃತ್ತ_ಪಶುವೈದ್ಯ

ಇಲ್ಲಿ ಕೇಳಿರುವುದು ಔಷಧದ ಪ್ರಮಾಣಕ್ಕಾಗಿ ಬೇಕಾದ ತೂಕದ ವಿಷಯ. ವ್ಯಾಪಾರಕ್ಕೆ ಟೇಪನ್ನು ನೆಚ್ಚಬೇಡಿ. ಔಷಧದಲ್ಲಿ ಒಂದೆರಡು ಕಿಲೋದ ವ್ಯತ್ಯಾಸ ನಡೆದುಹೋಗುತ್ತದೆ, ಆದರೆ ಕೊಡುವವರು ಕೊಳ್ಳುವವರ ನಡುವೆ ಅದೇ ಒಂದೆರಡು ಕಿಲೋ ಜಗಳಕ್ಕೆ ಕಾರಣವಾಗುತ್ತದೆ. ಅಲ್ಲಿ ತೂಕದ ಯಂತ್ರವೇ ಬೇಕು.

ಶಿರಾ_ಹಟ್ಟಿ

ಡಾಕ್ಟರೇ, ಬಹಳ ಉಪಕಾರವಾಯಿತು. ಪೌಂಡಿನ ವಿಷಯ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಇಂದು ಬೆಳಿಗ್ಗೆ ಮೇಕೆಗಳನ್ನು ಅಳೆಯಲು ಕುಳಿತೆ. ಒಂದೇ ಮೇಕೆಗೆ ಮೊದಲ ಸಲ 72 ಸೆಂ.ಮೀ., ಎರಡನೆಯ ಸಲ 68, ಮೂರನೆಯ ಸಲ 69 ಬಂತು. ಉದ್ದ 62 ಸೆಂ.ಮೀ. ಇದರಲ್ಲಿ ಯಾವುದನ್ನು ಹಿಡಿಯಬೇಕು? ಇನ್ನೊಂದು ತೊಂದರೆ ಎಂದರೆ ನಮ್ಮ ಮನೆಯ ದರ್ಜಿ ಟೇಪು ಹಸುವಿನ ಎದೆಯನ್ನು ಸುತ್ತಿ ಬರುವಷ್ಟು ಉದ್ದವಿಲ್ಲ. ಮೊನ್ನೆ ಹುರಿ ಸುತ್ತಿ, ಅದನ್ನು ನೆಲದ ಮೇಲೆ ಚಾಚಿ ಅಳೆದಿದ್ದೆ.

ಕೊಪ್ಪಳ_ಕುರಿಹಟ್ಟಿ

ಅಣ್ಣ, ದರ್ಜಿ ಟೇಪು 60 ಇಂಚು, ಅಂದರೆ 152 ಸೆಂಟಿಮೀಟರಿಗೆ ಮುಗಿದುಹೋಗುತ್ತದೆ, ಹಾಗಾಗಿ ದೊಡ್ಡ ಹಸುವಿಗೆ ಅದು ಸಾಲುವುದಿಲ್ಲ. ನೀವು ಮಾಡಿದಂತೆ ಹುರಿ ಸುತ್ತುವುದು ಒಳ್ಳೆಯ ಉಪಾಯವೇ, ಆದರೆ ನೈಲಾನ್ ಹುರಿ ಬೇಡ, ಎಳೆದಾಗ ಹಿಗ್ಗುತ್ತದೆ. ಹತ್ತಿಯ ಹುರಿ ತೆಗೆದುಕೊಂಡು, ಎರಡು ತುದಿ ಕೂಡುವ ಜಾಗವನ್ನು ಬೆರಳಿನಿಂದ ಗಟ್ಟಿಯಾಗಿ ಹಿಡಿದು, ಹಸುವಿನ ಮೈಮೇಲೆ ಎಷ್ಟು ಬಿಗಿ ಇತ್ತೋ ಅಷ್ಟೇ ಬಿಗಿಯಲ್ಲಿ ಅಳೆಯಬೇಕು. ಗಾರೆ ಕೆಲಸದವರ ಉಕ್ಕಿನ ಟೇಪನ್ನು ಮಾತ್ರ ತರಬೇಡಿ. ಅದು ಮೈಗೆ ಅಂಟಿ ಕೂರುವುದಿಲ್ಲ, ಅದರ ಸದ್ದಿಗೆ ಪಶುಗಳು ಬೆಚ್ಚುತ್ತವೆ. ಹಳೆಯ ಬಟ್ಟೆಯ ಟೇಪೂ ವರ್ಷಗಳಾದಂತೆ ಹಿಗ್ಗಿರುತ್ತದೆ. ನನ್ನ ಟೇಪನ್ನು ಮಗಳ ಶಾಲೆಯ ಸ್ಕೇಲಿನ ಪಕ್ಕ ಇಟ್ಟು ನೋಡಿದಾಗ 30 ಸೆಂಟಿಮೀಟರಿಗೆ ಅರ್ಧ ಸೆಂಟಿಮೀಟರು ವ್ಯತ್ಯಾಸವಿತ್ತು, ಆ ದಿನವೇ ಬದಲಾಯಿಸಿದೆ.

ನಿವೃತ್ತ_ಪಶುವೈದ್ಯ

ಕೊಪ್ಪಳದ ತಂಗಿ ಹೇಳಿದ್ದನ್ನು ಎಲ್ಲರೂ ಗಮನಿಸಬೇಕು. ಈಗ ಶಿರಾದವರ 72 ಮತ್ತು 68ರ ಪ್ರಶ್ನೆಗೆ ಬರುತ್ತೇನೆ, ಟೇಪಿನ ಲೆಕ್ಕದ ಮುಖ್ಯ ಭಾಗ ಅದರಲ್ಲೇ ಇದೆ.

ಸೂತ್ರದಲ್ಲಿ ಸುತ್ತಳತೆ ಎರಡು ಸಲ ಗುಣಿಸಲ್ಪಡುತ್ತದೆ, ಉದ್ದ ಒಂದೇ ಸಲ. ಆದ್ದರಿಂದ ಸುತ್ತಳತೆಯಲ್ಲಾದ ತಪ್ಪು ತೂಕದಲ್ಲಿ ಇಮ್ಮಡಿಯಾಗಿ ಕಾಣಿಸುತ್ತದೆ. ನಿಮ್ಮ ಮೇಕೆಯನ್ನೇ ತೆಗೆದುಕೊಳ್ಳಿ. 68 ಹಿಡಿದರೆ 26.4 ಕೆ.ಜಿ., 72 ಹಿಡಿದರೆ 29.6 ಕೆ.ಜಿ. ನಾಲ್ಕು ಸೆಂಟಿಮೀಟರಿಗೆ ಮೂರು ಕಿಲೋಗೂ ಹೆಚ್ಚು, ಅಂದರೆ ನೂರಕ್ಕೆ ಹನ್ನೆರಡರಷ್ಟು ಏರಿತು. ಅದೇ ನಾಲ್ಕು ಸೆಂಟಿಮೀಟರು ನಿಮ್ಮ ಹಸುವಿನಲ್ಲಿ ತಪ್ಪಿದ್ದರೆ 307ರ ಬದಲು 323 ಬರುತ್ತಿತ್ತು, ನೂರಕ್ಕೆ ಐದರಷ್ಟು ಮಾತ್ರ. ಜನರು ಹಸುವನ್ನು ಜಾಗ್ರತೆಯಿಂದ ಅಳೆದು ಮೇಕೆಯನ್ನು ಆತುರದಲ್ಲಿ ಅಳೆಯುತ್ತಾರೆ, ಆದರೆ ಹೆಚ್ಚು ಜಾಗ್ರತೆ ಬೇಕಿರುವುದು ಸಣ್ಣ ಪ್ರಾಣಿಗೇ.

ಅಳೆಯುವ ರೀತಿ ಹೀಗಿರಲಿ. ಬೆಳಿಗ್ಗೆ ಮೇವು ನೀರು ಕೊಡುವ ಮೊದಲು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ನಾಲ್ಕು ಕಾಲೂ ನೆಟ್ಟಗಿರಬೇಕು, ತಲೆ ಮುಂದಕ್ಕೆ ನೇರವಾಗಿರಬೇಕು. ತಲೆ ಬಗ್ಗಿಸಿ ಹುಲ್ಲು ಮೇಯುತ್ತಿದ್ದರೆ ಅಥವಾ ಪಕ್ಕಕ್ಕೆ ತಿರುಗಿ ನೋಡುತ್ತಿದ್ದರೆ ಎದೆಯ ಆಕಾರವೇ ಬದಲಾಗುತ್ತದೆ. ಟೇಪು ಮುಂಗಾಲಿನ ಮೊಣಕೈಯ ಹಿಂದೆಯೇ ಎದೆಯನ್ನು ಸುತ್ತಿ, ಬೆನ್ನಿನ ಮೇಲೆ ಹೆಗಲ ಮೂಳೆಯ ಹಿಂದೆ ಬಂದು ಸೇರಬೇಕು. ಹೊಟ್ಟೆಯ ಕಡೆಗೆ ನಾಲ್ಕು ಬೆರಳು ಜಾರಿದರೂ ನೀವು ಎದೆಯನ್ನು ಬಿಟ್ಟು ಹೊಟ್ಟೆಯನ್ನು ಅಳೆಯುತ್ತಿರುತ್ತೀರಿ. ಕೂದಲು ಅದುಮುವಷ್ಟು ಬಿಗಿ ಸಾಕು, ಚರ್ಮ ಒಳಕ್ಕೆ ಹೋಗಬಾರದು. ಉಸಿರು ಬಿಟ್ಟ ಕ್ಷಣದಲ್ಲಿ ಓದಿಕೊಳ್ಳಿ. ಮೂರು ಸಲ ಅಳೆದು, ಒಂದು ಅಳತೆ ಉಳಿದೆರಡಕ್ಕಿಂತ ಎರಡು ಸೆಂಟಿಮೀಟರಿಗೂ ಹೆಚ್ಚು ದೂರವಿದ್ದರೆ ಅದನ್ನು ಬಿಟ್ಟು ಮತ್ತೊಮ್ಮೆ ಅಳೆಯಿರಿ. ನಿಮ್ಮ 72 ಬಹುಶಃ ಮೇಕೆ ಅಲುಗಾಡಿದಾಗ ಅಥವಾ ಕೂದಲಿನ ಮೇಲೆ ಸಡಿಲವಾಗಿ ಹಿಡಿದಾಗ ಬಂದದ್ದು.

ಉದ್ದವನ್ನು ಮುಂದಿನ ಭುಜದ ತುದಿಯ ಮೂಳೆಯಿಂದ ಬಾಲದ ಬುಡದ ಪಕ್ಕದಲ್ಲಿ ಹೊರಚಾಚಿರುವ ಹಿಂಭಾಗದ ಮೂಳೆಯವರೆಗೆ ನೇರ ಗೆರೆಯಲ್ಲಿ ಹಿಡಿಯಬೇಕು. ಟೇಪು ಹೊಟ್ಟೆಯ ಉಬ್ಬನ್ನು ಅನುಸರಿಸಿದರೆ ಉದ್ದ ಹೆಚ್ಚಾಗುತ್ತದೆ. ಒಂದು ತುದಿಯನ್ನು ಒಬ್ಬರು, ಇನ್ನೊಂದು ತುದಿಯನ್ನು ಇನ್ನೊಬ್ಬರು ಬಿಗಿಯಾಗಿ ಹಿಡಿದರೆ ಈ ತಪ್ಪು ಆಗುವುದಿಲ್ಲ.

ಹಳ್ಳಿಕಾರ್_ಜೋಡಿ

ನನ್ನಲ್ಲಿ ಎರಡು ಹಳ್ಳಿಕಾರ್ ಹೋರಿಗಳಿವೆ. ಅಂಗಡಿಯಿಂದ ತಂದ, ತೂಕವನ್ನೇ ಅಚ್ಚು ಹಾಕಿರುವ ಟೇಪಿನಲ್ಲಿ ನೋಡಿದರೆ ತೂಕ ಬಹಳ ಹೆಚ್ಚು ತೋರಿಸುತ್ತದೆ. ಹೋರಿಗಳ ಹಿಣಿಲು ದೊಡ್ಡದಿದೆ, ನಾನು ಟೇಪನ್ನು ಹಿಣಿಲಿನ ಮೇಲೆಯೇ ಹಾಯಿಸಿದ್ದೆ. ಅದೇ ಕಾರಣವಿರಬಹುದೇ?

ನಿವೃತ್ತ_ಪಶುವೈದ್ಯ

ಅದೇ ಮೊದಲ ಕಾರಣ. ಹಿಣಿಲನ್ನು ಬಿಟ್ಟು ಅದರ ಹಿಂದೆ ಟೇಪು ಕೂರಬೇಕು. ಹಿಂದೆ 172 ಬರುವ ಹೋರಿಗೆ ಹಿಣಿಲಿನ ಮೇಲೆ 180 ಬಂದರೆ, ತೂಕದ ಲೆಕ್ಕ ನೂರಕ್ಕೆ ಒಂಬತ್ತರಷ್ಟು ಏರಿಬಿಡುತ್ತದೆ. ಎರಡನೆಯ ಕಾರಣವೂ ಇರಬಹುದು. ತೂಕ ಅಚ್ಚು ಹಾಕಿದ ಟೇಪುಗಳು ಸುತ್ತಳತೆಯೊಂದನ್ನೇ ನೋಡಿ ತೂಕ ಹೇಳುತ್ತವೆ, ಅಂಥ ಅನೇಕ ಟೇಪುಗಳನ್ನು ಹೋಲ್‌ಸ್ಟೀನ್‌ನಂತಹ ವಿದೇಶಿ ಹಾಲಿನ ತಳಿಗಳ ಮೈಕಟ್ಟಿಗೆ ಹೊಂದಿಸಿ ಮಾಡಿರುತ್ತಾರೆ. ಹಳ್ಳಿಕಾರ್‌ನಂತಹ ಕಿರಿದಾದ, ನೀಳವಾದ ಮೈಕಟ್ಟಿಗೆ ಅವು ಸರಿಹೊಂದುತ್ತವೆ ಎಂದು ನಾನು ಹೇಳಲಾರೆ. ನಿಮಗೆ ಸಾದಾ ಟೇಪಿನಲ್ಲಿ ಸುತ್ತಳತೆ ಮತ್ತು ಉದ್ದ ಎರಡನ್ನೂ ಅಳೆದು ಲೆಕ್ಕ ಹಾಕುವುದೇ ವಾಸಿ.

ಹಳ್ಳಿಕಾರ್_ಜೋಡಿ

ಸರಿ ಸಾರ್, ಹಿಣಿಲಿನ ಹಿಂದೆ ಮತ್ತೆ ಅಳೆದು ನೋಡುತ್ತೇನೆ. ಆದರೆ ನಮ್ಮೂರ ಪಕ್ಕದ ಕಬ್ಬಿನ ವೇಬ್ರಿಜ್ಜಿನಲ್ಲಿ ಒಮ್ಮೆ ಒಂದು ಹೋರಿಯನ್ನು ತೂಗಿಸಿದ್ದೆ, ಸೂತ್ರದ ಲೆಕ್ಕಕ್ಕಿಂತ 25 ಕೆ.ಜಿ. ಕಡಿಮೆ ತೋರಿಸಿತ್ತು. ಅಂದು ಅದು ಖಾಲಿ ಹೊಟ್ಟೆಯಲ್ಲಿ ಎಂಟು ಕಿಲೋಮೀಟರು ನಡೆದು ಬಂದಿತ್ತು.

ನಿವೃತ್ತ_ಪಶುವೈದ್ಯ

ದನದ ಹೊಟ್ಟೆಯಲ್ಲಿರುವ ಮೇವು ನೀರಿನಿಂದಲೇ ಅಷ್ಟು ವ್ಯತ್ಯಾಸ ಬರಬಹುದು. ವೇಬ್ರಿಜ್ಜೂ ಹತ್ತು ಕಿಲೋಗಿಂತ ಸೂಕ್ಷ್ಮವಾಗಿ ಓದದೆ ಇರಬಹುದು. ಹಾಗಾಗಿ ಸೂತ್ರ ತಪ್ಪೋ ತೂಕ ತಪ್ಪೋ ಎಂದು ಒಂದೇ ಸಲದ ತೂಕದಿಂದ ತೀರ್ಮಾನಿಸಲು ನನಗೆ ಮನಸ್ಸಿಲ್ಲ.

ಕೊಪ್ಪಳ_ಕುರಿಹಟ್ಟಿ

ಮೇಕೆಗಳ ವಿಷಯದಲ್ಲಿ ಟೇಪನ್ನು ಪರೀಕ್ಷಿಸಲು ಸುಲಭದ ದಾರಿಯಿದೆ, ಅದನ್ನು ಹೇಳುತ್ತೇನೆ. ನಮ್ಮ ಹಟ್ಟಿಯ ತೊಲೆಗೆ ಕೊಕ್ಕೆಯ ತೂಕದ ಯಂತ್ರವನ್ನು ಕಟ್ಟಿ, ಹಳೆಯ ಗೋಣಿಚೀಲಕ್ಕೆ ನಾಲ್ಕು ತೂತು ಮಾಡಿ ಕಾಲುಗಳನ್ನು ಹೊರಗೆ ಬಿಟ್ಟು ಮೇಕೆಯನ್ನು ತೂಗುಹಾಕುತ್ತೇವೆ. ಕಾಲು ನೆಲ ಬಿಟ್ಟ ಕೂಡಲೇ ಅದು ಕೊಸರಾಡುವುದನ್ನು ನಿಲ್ಲಿಸುತ್ತದೆ, ಮುಳ್ಳು ನಿಂತಾಗ ಓದಿಕೊಳ್ಳುತ್ತೇವೆ. ದೊಡ್ಡ ಮೇಕೆಗಳಲ್ಲಿ ಟೇಪಿನ ಲೆಕ್ಕ ಒಂದೆರಡು ಕಿಲೋ ಆಚೀಚೆ ಬಂದಿದೆ, ಅದು ನನಗೆ ಸಾಕು. ಆದರೆ ಹತ್ತು ಕಿಲೋಗಿಂತ ಕಡಿಮೆ ಇರುವ ಮರಿಗಳಲ್ಲಿ ಟೇಪನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಒಂದು ಮರಿಗೆ ಟೇಪು 7 ಕಿಲೋ ಎಂದರೆ ಯಂತ್ರ ಎಂಟೂವರೆ ಎಂದಿತ್ತು. ಮರಿಯನ್ನು ಎತ್ತಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನನ್ನೊಬ್ಬಳ ತೂಕವನ್ನು ಕಳೆಯುವುದು ಅದಕ್ಕಿಂತ ನಂಬಿಕೆಯ ದಾರಿ.

ಗಬ್ಬದ ಮೇಕೆಗಳನ್ನು ಹೇಗೆ ಅಳೆಯಬೇಕು ಎಂಬುದು ನನಗೂ ಪ್ರಶ್ನೆಯೇ. ತಿಂಗಳು ತುಂಬಿದಾಗ ಟೇಪಿನ ಲೆಕ್ಕವೂ ಯಂತ್ರದ ತೂಕವೂ ಬೇರೆ ಬೇರೆ ದಾರಿ ಹಿಡಿಯುತ್ತವೆ.

ಮಂಡ್ಯ_ಹೈನು

ಡಾಕ್ಟರ್ ಸಾಹೇಬರ ಮಾತು ಓದಿದ ಮೇಲೆ ಎರಡು ಗುಳಿಗೆಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಲೆವಮಿಸೋಲ್ ವಿಷಯ ನನಗೆ ತಿಳಿದಿರಲಿಲ್ಲ. ಆದರೂ ಐವತ್ತು ಮೇಕೆ ಇರುವವನು ಪ್ರತಿಯೊಂದನ್ನೂ ಮೂರು ಮೂರು ಸಲ ಅಳೆಯುತ್ತಾ ಕೂರಲು ಸಾಧ್ಯವಿಲ್ಲ ಎಂಬ ಮಾತಿಗೆ ನಾನು ಈಗಲೂ ಬದ್ಧ.

ನಿವೃತ್ತ_ಪಶುವೈದ್ಯ

ನಿಮ್ಮ ಮಾತು ನ್ಯಾಯವಾದದ್ದೇ. ಅಷ್ಟು ದೊಡ್ಡ ಹಿಂಡಿದ್ದಾಗ ಹೋತಗಳು, ದೊಡ್ಡ ಹೆಣ್ಣು ಮೇಕೆಗಳು, ಮರಿಗಳು ಎಂದು ಮೂರು ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ ಕಣ್ಣಿಗೆ ದೊಡ್ಡದಾಗಿ ಕಾಣುವ ಎರಡು ಮೂರನ್ನು ಅಳೆದು, ಆ ಗುಂಪಿನ ಅತಿ ಭಾರದ ಪ್ರಾಣಿಗೆ ಬರುವ ಪ್ರಮಾಣವನ್ನು ಆ ಗುಂಪಿಗೆ ಮಾತ್ರ ಹಾಕಿ. ಗುಂಪಿನೊಳಗೆ ತೀರಾ ಬಡಕಲಾದದ್ದು ಇದ್ದರೆ ಅದನ್ನು ಬೇರೆಯಾಗಿ ಅಳೆಯಿರಿ.

ಗಬ್ಬದ ಬಗ್ಗೆ ತಂಗಿ ಕೇಳಿದ್ದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಅಲ್ಲಿ ತೂಕಕ್ಕಿಂತ ಮೊದಲು ಯಾವ ಔಷಧ ಎಂಬುದನ್ನು ಕೇಳಬೇಕು. ಗಬ್ಬದ ಮೊದಲ ತಿಂಗಳುಗಳಲ್ಲಿ ಆಲ್ಬೆಂಡಜೋಲ್ ಕೊಡಬಾರದು, ಭ್ರೂಣಕ್ಕೆ ತೊಂದರೆಯಾಗುತ್ತದೆ. ಹೋತ ಹಾರಿದ ದಿನ ಗೊತ್ತಿಲ್ಲದ ಮೇಕೆಗೆ ಆಸ್ಪತ್ರೆಯಲ್ಲಿ ಕೇಳದೆ ಅದನ್ನು ಹಾಕಬೇಡಿ.

ಶಿರಾ_ಹಟ್ಟಿ

ಎರಡು ದಿನ ಬೆಳಿಗ್ಗೆ ಕುಳಿತು ಹದಿನಾಲ್ಕೂ ಮೇಕೆಗಳನ್ನು ಅಳೆದು ಮುಗಿಸಿದೆ. ಹೆಂಡತಿ ಕೊಂಬು ಹಿಡಿದಳು, ಮಗ ಬರೆದುಕೊಂಡ. ಮೂರನ್ನು ಇಲ್ಲಿ ಕೊಡುತ್ತೇನೆ. ದೊಡ್ಡ ಹೋತದ ಸುತ್ತಳತೆ 80, ಉದ್ದ 72, ತೂಕ 42.5 ಕೆ.ಜಿ. ಮೊದಲು ಹೇಳಿದ, ಭೇದಿಯಾಗುತ್ತಿರುವ ಹೆಣ್ಣು ಮೇಕೆಗೆ 68 ಮತ್ತು 62, ತೂಕ 26.4. ನಾಲ್ಕು ತಿಂಗಳ ಮರಿಗೆ 50 ಮತ್ತು 45, ತೂಕ 10.4.

ಹಿಂದೆ ಹಾಕಿದ 6 ಮಿ.ಲೀ.ಯನ್ನು ಇದಕ್ಕೆ ಹೊಂದಿಸಿ ನೋಡಿದಾಗ ಬೇಸರವಾಯಿತು. ಒಂದು ಮಿ.ಲೀ.ನಲ್ಲಿ 25 ಮಿ.ಗ್ರಾಂ. ಔಷಧವಿದೆ, ಅಂದರೆ ಎಲ್ಲಕ್ಕೂ 150 ಮಿ.ಗ್ರಾಂ. ಬಿದ್ದಿದೆ. ಹೋತಕ್ಕೆ ಕಿಲೋಗೆ ಮೂರೂವರೆ ಮಿ.ಗ್ರಾಂ., ಹೆಣ್ಣು ಮೇಕೆಗೆ 5.7, ಮರಿಗೆ ಹದಿನಾಲ್ಕಕ್ಕೂ ಹೆಚ್ಚು. ಒಂದೇ ದಿನ, ಒಂದೇ ಬಾಟಲಿಯಿಂದ. ಆದರೆ ಒಂದು ಸಂಶಯ ಉಳಿದಿದೆ. ಬಾಟಲಿಯ ಮೇಲೆ ಕುರಿಗೆ ಕಿಲೋಗೆ 5 ಮಿ.ಗ್ರಾಂ. ಎಂದಿದೆ, ಮೇಕೆಯ ಹೆಸರೇ ಇಲ್ಲ. ಹಾಗಾದರೆ ಹೆಣ್ಣು ಮೇಕೆಗೆ ಬಿದ್ದ 5.7 ಸಾಕಾಗಬೇಕಿತ್ತಲ್ಲವೇ?

ನಿವೃತ್ತ_ಪಶುವೈದ್ಯ

ಸಾಕಾಗುವುದಿಲ್ಲ. ಮೇಕೆಯ ದೇಹ ಈ ಬಗೆಯ ಔಷಧವನ್ನು ಕುರಿಗಿಂತ ಬೇಗ ಕರಗಿಸಿ ಹೊರಹಾಕುತ್ತದೆ. ಆದ್ದರಿಂದ ಕುರಿಯ ಪ್ರಮಾಣ ಮೇಕೆಗೆ ಕಡಿಮೆಯಾಗುತ್ತದೆ, ಆಲ್ಬೆಂಡಜೋಲನ್ನು ಮೇಕೆಗೆ ಸಾಮಾನ್ಯವಾಗಿ ಕಿಲೋಗೆ 10 ಮಿ.ಗ್ರಾಂ. ಲೆಕ್ಕದಲ್ಲಿ ಕೊಡುತ್ತೇವೆ. ಆ ಲೆಕ್ಕಕ್ಕೆ ನಿಮ್ಮ ಹೋತಕ್ಕೆ 17 ಮಿ.ಲೀ., ಹೆಣ್ಣು ಮೇಕೆಗೆ ಸುಮಾರು 11, ಮರಿಗೆ ಸುಮಾರು 4 ಮಿ.ಲೀ. ಬರುತ್ತದೆ. ಬಾಟಲಿಯ ಮೇಲೆ ಇಲ್ಲದ ಪ್ರಮಾಣವಾದ್ದರಿಂದ ಈ ಅಳತೆಯ ಚೀಟಿಯನ್ನು ನಿಮ್ಮ ಆಸ್ಪತ್ರೆಯ ವೈದ್ಯರಿಗೆ ತೋರಿಸಿ, ಅವರ ಒಪ್ಪಿಗೆ ಪಡೆದೇ ಹಾಕಿ. ಹಾಲು ಮಾಂಸಗಳನ್ನು ಎಷ್ಟು ದಿನ ಬಳಸಬಾರದು ಎಂಬುದನ್ನೂ ಅವರಲ್ಲೇ ಕೇಳಿ. ಇದೇ ಔಷಧ 10 ಪ್ರತಿಶತದ ಬಾಟಲಿಯಲ್ಲೂ ಬರುತ್ತದೆ, ಅದನ್ನು ಈ ಮಿ.ಲೀ. ಲೆಕ್ಕದಲ್ಲಿ ಹಾಕಿದರೆ ನಾಲ್ಕು ಪಟ್ಟು ಆಗುತ್ತದೆ, ಬಾಟಲಿ ಬದಲಾದಾಗಲೆಲ್ಲ ಲೆಕ್ಕವನ್ನೂ ಹೊಸದಾಗಿ ಹಾಕಬೇಕು. ಗೊಟ್ಟದಲ್ಲಿ ಕುಡಿಸಬೇಡಿ, ಅದರಲ್ಲಿ 11 ಮಿ.ಲೀ. ಎಂಬ ಅಳತೆ ಉಳಿಯುವುದಿಲ್ಲ. ಸೂಜಿ ತೆಗೆದ 20 ಮಿ.ಲೀ. ಸಿರಿಂಜು ಸಾಕು.

ಇಷ್ಟಾದ ಮೇಲೂ ಆ ಎರಡು ಮೇಕೆಗಳು ಚೇತರಿಸಿಕೊಳ್ಳದೆ ಇರಬಹುದು. ವರ್ಷಗಟ್ಟಲೆ ಕಡಿಮೆ ಪ್ರಮಾಣ ಬಿದ್ದ ಹಿಂಡಿನಲ್ಲಿ ಹುಳುಗಳು ಈಗಾಗಲೇ ಔಷಧಕ್ಕೆ ಒಗ್ಗಿಹೋಗಿವೆಯೇ ಎಂಬುದನ್ನು ಟೇಪು ಹೇಳುವುದಿಲ್ಲ, ಹಿಕ್ಕೆ ಹೇಳುತ್ತದೆ. ಔಷಧ ಹಾಕುವ ದಿನ ಬೆಳಿಗ್ಗೆ ಒಮ್ಮೆ, ಹಾಕಿದ ಹತ್ತರಿಂದ ಹದಿನಾಲ್ಕು ದಿನದೊಳಗೆ ಇನ್ನೊಮ್ಮೆ, ಅದೇ ಮೇಕೆಗಳ ತಾಜಾ ಹಿಕ್ಕೆಯನ್ನು ಡಬ್ಬಿಯಲ್ಲಿ ಹಾಕಿ ಪರೀಕ್ಷೆಗೆ ಕೊಡಿ. ಮೊಟ್ಟೆಗಳ ಎಣಿಕೆ ಇಳಿಯದಿದ್ದರೆ ಔಷಧವನ್ನೇ ಬದಲಾಯಿಸಬೇಕಾಗುತ್ತದೆ.

ಶಿರಾ_ಹಟ್ಟಿ

ಇಂದು ಚೀಟಿ ತೋರಿಸಿ ಬಂದೆ. ವೈದ್ಯರು 10 ಮಿ.ಗ್ರಾಂ. ಲೆಕ್ಕಕ್ಕೆ ಒಪ್ಪಿದರು, ಆದರೆ ಮೂರು ಮೇಕೆಗಳು ಗಬ್ಬವಿರಬಹುದೆಂಬ ಸಂಶಯದ ಮೇಲೆ ಅವುಗಳನ್ನು ಬಿಟ್ಟು ಉಳಿದ ಹನ್ನೊಂದಕ್ಕೆ ಮಾತ್ರ ಹಾಕಲು ಹೇಳಿದರು. ಹಿಕ್ಕೆಯ ಮೊದಲ ಡಬ್ಬಿಗಳನ್ನು ಕೊಟ್ಟಿದ್ದೇನೆ. ಎರಡನೆಯ ಸಲ ಹನ್ನೆರಡನೆಯ ದಿನ ಕೊಡಬೇಕೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ, ಎಣಿಕೆ ಬಂದ ದಿನ ಇಲ್ಲಿಯೇ ಬರೆಯುತ್ತೇನೆ.

ಕೊಪ್ಪಳ_ಕುರಿಹಟ್ಟಿ

ಆ ಮೂರು ಮೇಕೆಗಳ ಸುತ್ತಳತೆಯನ್ನೂ ಪ್ರತಿ ಹದಿನೈದು ದಿನಕ್ಕೊಮ್ಮೆ ಬರೆದಿಡಿ ಅಣ್ಣ. ನಾನೂ ನಮ್ಮ ಗಬ್ಬದ ಮೇಕೆಗಳ ಟೇಪಿನ ಲೆಕ್ಕ ಮತ್ತು ಯಂತ್ರದ ತೂಕ ಎರಡನ್ನೂ ಇಂದಿನಿಂದ ಬರೆಯುತ್ತೇನೆ. ಮರಿ ಹಾಕಿದ ಮೇಲೆ ಎರಡೂ ಹಟ್ಟಿಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.